ಪೆಟ್ಟಿಗೆಯ ಕಿವಿ ಮುಚ್ಚಿದ ಮಧ್ಯಾಹ್ನ

ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಮಾರ್ಟ್ ಸ್ಪೀಕರ್ ಕೂತಿದೆ. ನಮ್ಮ ಮನೆಯಲ್ಲಿ ಅದನ್ನು ಪೆಟ್ಟಿಗೆ ಎನ್ನುತ್ತಾರೆ. ಪಂಪ್‌ಸೆಟ್ ರಿಪೇರಿ ನನ್ನ ಕಸುಬು; ಬಾವಿಯಿಂದ ಮೋಟರ್ ಎತ್ತುವಾಗ ಬಿದ್ದು ಕುತ್ತಿಗೆಯ ಮೂಳೆ ಮುರಿದ ಮೇಲೆ ನನ್ನ ಕೈಕಾಲು ನನ್ನ ಮಾತು ಕೇಳುವುದನ್ನು ಬಿಟ್ಟವು. ಆಗ ನನ್ನ ಮಾತು ಕೇಳಲಿ ಅಂತ ದಾವಣಗೆರೆಯಲ್ಲಿರುವ ಹೆಂಡತಿಯ ತಮ್ಮ ತಂದುಕೊಟ್ಟದ್ದು ಇದು. ಫ್ಯಾನ್ ಹಾಕು ಎಂದರೆ ಹಾಕುತ್ತದೆ, ಹೆಂಡತಿಗೆ ಕಾಲ್ ಮಾಡು ಎಂದರೆ ಅವಳ ಫೋನ್ ರಿಂಗಾಗುತ್ತದೆ. ಅದಕ್ಕೆ ಕನ್ನಡ ಬರುವುದಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ನನ್ನ ಮನೆಯಲ್ಲೇ ಮಲಗಿಕೊಂಡು ಹರಕುಮುರುಕು ಹಿಂದಿಯಲ್ಲಿ ಅದರ ಕೈಕಾಲು ಹಿಡಿಯಬೇಕು. ಈ ಅವಮಾನಕ್ಕೂ ಒಗ್ಗಿದ್ದೇನೆ.

ಮೊದಲು ಅದನ್ನು ಟಿವಿ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆವು. ಟಿವಿ ಹಚ್ಚಿದರೆ ನನ್ನ ದನಿ ಅದಕ್ಕೆ ತಲುಪುತ್ತಿರಲಿಲ್ಲ. ಉಸಿರಿನ ಬಲ ಕಡಿಮೆಯಾದವನ ದನಿ ಅದು, ಟಿವಿಯವರ ಜಗಳದ ಮುಂದೆ ಎಲ್ಲಿ ನಿಲ್ಲಬೇಕು! ಕಾಲೇಜಿಗೆ ಹೋಗುವ ಮಗಳು ಅದನ್ನು ನನ್ನ ತಲೆಯ ಹತ್ತಿರ ತಂದಿಟ್ಟಳು. ಅಂದಿನಿಂದ ಅದಕ್ಕೂ ನನಗೂ ಸಂಸಾರ ನೆಟ್ಟಗಾಯಿತು.

ಹೆಂಡತಿ ಹಿತ್ತಲ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಮಾಡಿ ಕೊಟ್ಟೂರಿನ ಖಾನಾವಳಿಗೆ ಕಳಿಸುತ್ತಾಳೆ. ಜೊತೆಗೆ ಓಣಿಯ ಮೂವರು ಹೆಂಗಸರು ಬರುತ್ತಾರೆ. ರೊಟ್ಟಿ ಬಡಿಯುವ ಮುಂಚೆ ಚಟ್ನಿಪುಡಿಗೆ ಶೇಂಗಾ ಒಡೆಯಲು ನನ್ನ ಕೋಣೆಯಲ್ಲೇ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಅದು ನನ್ನ ದಿನದ ಅತಿ ಒಳ್ಳೆಯ ಹೊತ್ತು. ಯಾರ ಸೊಸೆ ತವರಿಗೆ ಹೋದಳು, ಯಾರ ಮಗ ಯಾರ ಹಿಂದೆ ಬಿದ್ದಿದ್ದಾನೆ, ಮೆಕ್ಕೆಜೋಳದ ದಲಾಲಿಯ ಎರಡನೇ ಮನೆ ಎಲ್ಲಿದೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಗಂಡಸು ಎಂದು ನನ್ನನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವರಿಗೆ ಸಂಶಯ ಇದ್ದದ್ದು ಪೆಟ್ಟಿಗೆಯ ಮೇಲೆ.

“ಮೊದಲು ಅದರ ಕಿವಿ ಮುಚ್ಚಬೇ ಅಕ್ಕಾ. ಎಲ್ಲಾ ಕೇಳಿಸ್ಕೊಂಡು ಯಾರಿಗಾರ ಹೇಳೀತು,” ಎನ್ನುತ್ತಿದ್ದಳು ಎದುರುಮನೆಯವಳು. ನಾನು ಅವಳನ್ನು ತಂಗಿ ಎಂದೇ ಕರೆಯುವುದು. ಹೆಂಡತಿ ಪೆಟ್ಟಿಗೆಯ ನೆತ್ತಿಯ ಮೇಲಿನ ಬಟನ್ ಒತ್ತಿ ಮೈಕು ಬಂದ್ ಮಾಡುತ್ತಿದ್ದಳು, ಸುತ್ತಲೂ ಕೆಂಪು ದೀಪ ಹತ್ತುತ್ತಿತ್ತು, ಬಾಯಿಗಳು ಬಿಚ್ಚಿಕೊಳ್ಳುತ್ತಿದ್ದವು. ಎದ್ದು ಹೋಗುವಾಗ ಮತ್ತೆ ಬಟನ್ ಒತ್ತಿ ಕೆಂಪು ಆರಿಸುವುದು ಅವಳ ರೂಢಿ.

ಆವತ್ತು ಖಾನಾವಳಿಯವರ ಫೋನ್ ಬಂತು. ಯಾರದೋ ಮನೆಯ ಊಟಕ್ಕೆ ರೊಟ್ಟಿ ಹೆಚ್ಚು ಬೇಕಂತೆ. ಹೆಂಗಸರು ಗಡಬಡಿಸಿ ಎದ್ದರು. ಶೇಂಗಾ ಚೀಲವನ್ನು ಯಾರೋ ಮಂಚದ ಬದಿಗೆ ಒತ್ತಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ನನಗೆ ತಲೆನೋವು ಶುರುವಾದದ್ದು ಅದಾದ ಮೇಲೆ. ಸಾಮಾನ್ಯ ತಲೆನೋವಲ್ಲ, ಸುತ್ತಿಗೆಯ ಏಟು. ಮುಖ ಕಾದು ಬೆವರಿತು. ನನ್ನಂಥವರಿಗೆ ಇದು ಏನೆಂದು ಡಾಕ್ಟರು ಮೊದಲೇ ಹೇಳಿದ್ದರು: ಮೂತ್ರದ ಪೈಪು ಎಲ್ಲೋ ಕಟ್ಟಿದೆ, ಬಿಪಿ ಏರುತ್ತಿದೆ. ಕೂಡಲೇ ಎಬ್ಬಿಸಿ ಕೂರಿಸಿ ಪೈಪು ಸರಿಮಾಡಬೇಕು, ತಡವಾದರೆ ಜೀವಕ್ಕೇ ಕುತ್ತು ಬಂದೀತು. ಹೆದರಿದೆ. ಪೆಟ್ಟಿಗೆಯ ಹೆಸರು ಹಿಡಿದು ಕರೆದೆ.

ಉತ್ತರವಿಲ್ಲ. ರೊಟ್ಟಿ ಸದ್ದಿಗೆ ಕೇಳಿಸಿಲ್ಲ ಎಂದುಕೊಂಡೆ. ಬಡಿತ ಒಂದು ಗಳಿಗೆ ನಿಂತಾಗ, ಇದ್ದ ಉಸಿರನ್ನೆಲ್ಲ ಕೂಡಿಸಿ ಮತ್ತೆ ಕರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕುತ್ತಿಗೆ ಕಷ್ಟದಿಂದ ಹೊರಳಿಸಿ ನೋಡಿದರೆ ಕೆಂಪು ದೀಪ ಉರಿಯುತ್ತಿತ್ತು. ಹೆಂಡತಿ ಮರೆತು ಹೋಗಿದ್ದಳು.

ಆ ದೀಪ ಇದ್ದಾಗ ಮೈಕಿಗೆ ಕರೆಂಟೇ ಹೋಗುವುದಿಲ್ಲ. ಹಿಂದಿಯಲ್ಲಿ ಬೇಡಿದರೂ ಅಷ್ಟೇ, ಕನ್ನಡದಲ್ಲಿ ಬೈದರೂ ಅಷ್ಟೇ. ಬೆರಳಿನಿಂದಲೇ ಒತ್ತಬೇಕು. ನನ್ನ ಮುಖಕ್ಕೂ ಆ ಬಟನ್ನಿಗೂ ಒಂದು ಗೇಣು ಅಂತರ. ಇಡೀ ತಾಲ್ಲೂಕಿನ ಹೊಲಗಳಲ್ಲಿ ಸ್ಟಾರ್ಟರ್ ಬಟನ್ ಒತ್ತಿದ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗದ್ದದಿಂದ ಒತ್ತಲು ನೋಡಿದೆ, ದಿಂಬಿನ ಅಂಚಿಗೂ ತಲೆ ಬರಲಿಲ್ಲ. ಹೆಂಡತಿಯನ್ನು ಕೂಗಿದೆ. ತಗಡಿನ ಕೆಳಗೆ ನಾಲ್ವರು ರೊಟ್ಟಿ ಬಡಿಯುವಾಗ ನನ್ನ ಕೂಗು ಹೊಸ್ತಿಲನ್ನೂ ದಾಟುವುದಿಲ್ಲ. ನನಗೆ ಅಳು ಬಂತು. ಒರೆಸಿಕೊಳ್ಳಲೂ ಆಗದವನ ಅಳು ಕಿವಿಗೆ ಇಳಿಯುತ್ತದೆ.

ಅಷ್ಟರಲ್ಲಿ ಪೆಟ್ಟಿಗೆ ತಾನೇ ಸದ್ದು ಮಾಡಿತು. ನನ್ನ ಮಗ್ಗುಲು ಬದಲಿಸಲು ಇಟ್ಟ ಅಲಾರಂ. ಮೈಕು ಮುಚ್ಚಿದ್ದರೂ ಅಲಾರಂ ಹೊಡೆಯುತ್ತದೆ. ಅದಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ ಅಷ್ಟೇ. ಆದರೆ ನನಗೆ ಆಸೆ ಹುಟ್ಟಲಿಲ್ಲ. ದಿನವೂ ಅದು ಹೊಡೆದ ಕೂಡಲೇ ನಾನೇ ನಿಲ್ಲಿಸಲು ಹೇಳುತ್ತಿದ್ದೆ. ಅವಳು ಒಲೆಯ ಮುಂದಿನಿಂದ ಏಳುವುದು ಬೇಡ, ಆಮೇಲೆ ಕರೆದರಾಯಿತು ಎಂದು. ಹಾಗಾಗಿ ಆ ಸದ್ದಿಗೆ ಮನೆಯಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ.

ಆವತ್ತು ನಿಲ್ಲಿಸಲು ನನ್ನಿಂದಾಗಲಿಲ್ಲ. ಅದು ಹೊಡೆಯಿತು, ಹೊಡೆಯುತ್ತಲೇ ಇತ್ತು. ಕಣ್ಣು ಮಂಜಾಗತೊಡಗಿತು. ಒಳಗೂ ಏಟು, ಹೊರಗೂ ಏಟು. ಕಡೆಗೆ ಹಿತ್ತಲಿನಿಂದ ಹೆಂಡತಿಯ ದನಿ ಕೇಳಿತು: “ರೀ, ಎಷ್ಟೊತ್ತಿಂದ ಬಡ್ಕೊಳ್ಳಾಕತ್ತೈತಿ, ಬಂದ್ ಮಾಡಬಾರದಾ? ನಿದ್ದಿ ಹತ್ತೈತೇನು?”

ನಾನು ಉತ್ತರ ಕೊಟ್ಟಿದ್ದೆನೋ ಏನೋ, ಅವಳಿಗೆ ಕೇಳಿಸಲಿಲ್ಲ. ಹಿಟ್ಟಿನ ಕೈಯಲ್ಲೇ ಬೈದುಕೊಳ್ಳುತ್ತ ಬಂದವಳು ನನ್ನ ಮುಖ ನೋಡಿ ನಿಂತುಬಿಟ್ಟಳು.

“ಪೈಪು... ಪೈಪು ನೋಡು,” ಎಂದೆ.

ಮಂಚದ ತಲೆಕಡೆ ಎತ್ತರಿಸಿ ನನ್ನನ್ನು ಕೂರಿಸಿ, ಬಗ್ಗಿ ನೋಡಿದಳು. ಶೇಂಗಾ ಚೀಲ ಪೈಪನ್ನು ಮಂಚದ ಪಟ್ಟಿಗೆ ಒತ್ತಿ ಹಿಡಿದಿತ್ತು. ಚೀಲವನ್ನು ಎಳೆದು ಒಗೆದಳು. ಶೇಂಗಾ ಕೋಣೆಯ ತುಂಬ ಚೆಲ್ಲಿತು. ತಲೆಯ ಏಟು ಮೆಲ್ಲಗೆ ಇಳಿಯಿತು. ಬಟನ್ ಒತ್ತಿ ಕೆಂಪು ಆರಿಸಿ, ನನ್ನ ಕಣ್ಣು ಸೆರಗಿನಿಂದ ಒರೆಸಿ, ಅವಳೂ ಅತ್ತಳು. ಬಾಗಿಲಲ್ಲಿ ನಿಂತಿದ್ದ ಎದುರುಮನೆಯವಳು, “ನಂದ ತಪ್ಪಾತಣ್ಣಾ, ನಾನ ಅದರ ಕಿವಿ ಮುಚ್ಚಿಸ್ದಾಕಿ,” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಮರುದಿನ ಹೆಂಗಸರು ಬಂದು ಕೂತರು. ಬಟನ್ ಯಾರೂ ಮುಟ್ಟಲಿಲ್ಲ. ಬಾಯಿಯನ್ನೂ ಬಿಚ್ಚಲಿಲ್ಲ. ಬಿಸಿಲು ಜಾಸ್ತಿ ಎಂದು ಒಬ್ಬಳು, ಹೌದು ಎಂದು ಇನ್ನೊಬ್ಬಳು. ಶೇಂಗಾ ಸಿಪ್ಪೆಯ ಸದ್ದು ಬಿಟ್ಟರೆ ಬೇರೆ ಇಲ್ಲ.

“ಒತ್ತವಾ ತಂಗಿ, ಏನೂ ಆಗಂಗಿಲ್ಲ. ಹೋಗೋ ಮುಂದ ಆರಿಸಿ ಹೋದ್ರಾತು,” ಎಂದೆ.

“ಬ್ಯಾಡಣ್ಣಾ. ನಿಮ್ಮ ಜೀವಕ್ಕಿಂತ ನಮ್ಮ ಮಾತು ದೊಡ್ಡವೇನು?”

ಆಮೇಲೆ ಅವರು ಶೇಂಗಾವನ್ನೂ ಶೆಡ್ಡಿಗೇ ಒಯ್ದರು. ಅವರು ಮಾಡಿದ್ದು ಸರಿ. ಸರಿ ಎಂದು ಗೊತ್ತಿದ್ದೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ. ಈಗ ನನ್ನ ಕೋಣೆಯಲ್ಲಿ ಗದ್ದಲವಿಲ್ಲ, ಪಿಸುಗುಟ್ಟಿದರೂ ಪೆಟ್ಟಿಗೆಗೆ ಕೇಳುತ್ತದೆ.

ಮೊನ್ನೆ ಹಿತ್ತಲಲ್ಲಿ ನಾಲ್ವರೂ ಬಿದ್ದು ಬಿದ್ದು ನಕ್ಕರು. ತಡೆಯಲಾಗಲಿಲ್ಲ, ಹೆಂಡತಿಗೆ ಕಾಲ್ ಮಾಡಲು ಪೆಟ್ಟಿಗೆಗೆ ಹೇಳಿದೆ. ನಗು ಥಟ್ಟನೆ ನಿಂತಿತು. ಅವಳು ಓಡಿ ಬಂದಳು, ಮೊದಲು ಪೈಪು ನೋಡಿದಳು, ಹಣೆ ಮುಟ್ಟಿದಳು.

“ಏನಾತ್ರೀ?”

“ಏನಿಲ್ಲ. ಯಾಕ ನಕ್ರಿ ಅಂತ ಕೇಳಾಕ ಕರದೆ.”

“ಅಯ್ಯ, ಅದಾ? ಏನಿಲ್ರೀ, ಹಂಗ,” ಎಂದು ನನ್ನ ಹಣೆಗೆ ಹತ್ತಿದ ಹಿಟ್ಟು ಒರೆಸಿ ಹೋದಳು.