ಹೊಟ್ಟೆಯ ಮೇಲಿನ ಮೂರು ಸಾಲು

ನೆಟ್ಟಗಣ್ಣ ಎಂಬ ಹೆಸರು ಅವನಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುವುದು ಗೋಡೆಗೆ. ಅಲ್ಲೊಂದು ಫೋಟೋ ಒಂಚೂರು ವಾಲಿಕೊಂಡಿತ್ತೋ, ಮುಗಿಯಿತು! ಕೊಟ್ಟ ಟೀ ಆರಿ ತಣ್ಣಗಾದರೂ ಸರಿ, ಸೋಫಾ ಹತ್ತಿ ನಿಂತಾದರೂ ಸರಿ, ಅದನ್ನು ನೆಟ್ಟಗೆ ಮಾಡಿಯೇ ಇಳಿಯುವವನು. ಹೆಂಡತಿಯಂತೂ ನೆಂಟರ ಮನೆಯ ಬಾಗಿಲಲ್ಲೇ ಅವನ ತೋಳು ಹಿಡಿದು, "ಕೈಕಟ್ಟಿಕೊಂಡು ಕೂತ್ಕೋಬೇಕು, ಗೊತ್ತಾಯ್ತಾ?" ಎಂದು ಎಚ್ಚರಿಸಿಯೇ ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಪಾಪ, ಆ ಎಚ್ಚರಿಕೆ ಮೊದಲ ಗುಟುಕು ಟೀ ತನಕ ಮಾತ್ರ ಬಾಳುತ್ತಿತ್ತು.

ತಪ್ಪು ಅವನದಲ್ಲ, ಕಸುಬಿನದು. ಹರೆಯದಿಂದಲೂ ಅವನು ಅಂಗಡಿಗಳ ಬೋರ್ಡು ಬರೆದವನು. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಎರಡೂ ತುದಿ ಬಿಗಿದು, ಚಟ್ಟೆಂದು ಮೀಟಿದರೆ ಬೋರ್ಡಿನ ಮೇಲೆ ಗೆರೆ ಬೀಳುತ್ತಿತ್ತು. ಆ ಗೆರೆಯಿಂದ ಅವನ ಅಕ್ಷರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಬ್ಯಾನರುಗಳು ಬಂದವು, ಕುಂಚಗಳು ಒಣಗಿದವು, ಅವನು ಮನೆಯಲ್ಲಿ ಕೂತ. ಕೂತವನು ಸುಮ್ಮನಿದ್ದನೇ? ಡಬ್ಬಿಗಳ ಸಾಲು, ಚಪ್ಪಲಿಗಳ ಸಾಲು, ಹಗ್ಗದ ಮೇಲಿನ ಬಟ್ಟೆಗಳ ಸಾಲು, ಎಲ್ಲವನ್ನೂ ತಿದ್ದಿ ತಿದ್ದಿ ಹೆಂಡತಿಯ ತಲೆ ತಿಂದ.

ಅಷ್ಟರಲ್ಲಿ ಅವನ ತಂಗಿಯ ಮಗಳು ಟೀ ಶರ್ಟಿನ ಮೇಲೆ ಚಿತ್ರ ಅಚ್ಚು ಹಾಕುವ ಅಂಗಡಿ ತೆರೆದಳು. ಮುಂದೆ ಚಿಕ್ಕ ಕೌಂಟರು; ಹಿಂದಿನ ಕೋಣೆಯಲ್ಲಿ ಪ್ರಿಂಟರು, ಪುಟ್ಟ ಓವನ್ನು, ಅಂಗಿಗೆ ಬಿಸಿ ಒತ್ತುವ ಯಂತ್ರ. ಗಿರಾಕಿಗಳು ಅಂಗಡಿಗೆ ಬರಬೇಕಾದ್ದೇ ಇಲ್ಲ. ಅವಳ ವೆಬ್‌ಸೈಟಿನಲ್ಲಿ ಚಿತ್ರ ಹಾಕಿ, ಅಂಗಿಯ ಬಣ್ಣ, ಅಳತೆ ಆರಿಸಿ, ಚಿತ್ರವನ್ನು ಬೆರಳಿನಿಂದ ಎಳೆದು, ಹಿಗ್ಗಿಸಿ, ತಿರುಗಿಸಿ, ಬೇಕಾದ ಕಡೆ ಕೂರಿಸಬಹುದು. ಅಂಗಿಯ ಮೇಲೆ ಅದು ಹೇಗೆ ಕಾಣುತ್ತದೆಂದು ಅಲ್ಲೇ ನೋಡಿ, ಒಪ್ಪಿಗೆಯಾದರೆ ಆರ್ಡರು.

"ಮಾಮ, ನಂಗೆ ನಿನ್ನ ಕಣ್ಣು ಬೇಕು, ಬಾ," ಎಂದು ಅವಳು ಕರೆದಾಗ ಅವನ ಹೆಂಡತಿ ಅವನಿಗಿಂತ ಮೊದಲೇ ಅವನ ಚಪ್ಪಲಿ ತಂದಿಟ್ಟಳು.

ಕೆಲಸ ಅವನಿಗೆ ಚೆನ್ನಾಗಿ ಹಿಡಿಸಿತು. ಬಂದ ಆರ್ಡರುಗಳನ್ನು ಅಚ್ಚಿಗೆ ಹೋಗುವ ಮುಂಚೆ ಒಂದೊಂದಾಗಿ ನೋಡಬೇಕು. ವೆಬ್‌ಸೈಟು ಎಚ್ಚರಿಸಿದರೂ ಕೇಳದೆ ಯಾರೋ ಕಡಲೆಕಾಳಿನಷ್ಟು ಚಿಕ್ಕ ಫೋಟೋ ಹಾಕಿರುತ್ತಾರೆ. ಫೋನಿನ ತೆರೆಯಲ್ಲಿ ಅದು ಚೆಂದವೇ ಕಾಣುತ್ತದೆ, ಎದೆಯಗಲ ಅಚ್ಚು ಹಾಕಿದರೆ ಮೂಗು ಯಾವುದು ಬಾಯಿ ಯಾವುದು ತಿಳಿಯದು. ಇನ್ಯಾರೋ ಬಿಳಿ ಅಂಗಿಯ ಮೇಲೆ ಹೂವಿನ ಚಿತ್ರ ಕೂರಿಸಿ ನೋಡಿ, ಕೊನೆಗೆ ಮನಸ್ಸು ಬದಲಾಯಿಸಿ ಕಪ್ಪು ಅಂಗಿ ಆರಿಸಿರುತ್ತಾರೆ. ಹೂವಿನ ಸುತ್ತ ಇದ್ದ ಬಿಳಿ ಚೌಕ ಆಗ ಎದ್ದು ಕುಣಿಯುತ್ತದೆ. ಇಂಥವನ್ನೆಲ್ಲ ನೆಟ್ಟಗಣ್ಣ ಹಿಡಿದು ಅವರಿಗೆ ಫೋನು ಮಾಡುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ವಾಲಿದ ಚಿತ್ರ ಕಂಡರೆ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ, ತಾನೇ ತಿರುಗಿಸಿ ನೆಟ್ಟಗೆ ಮಾಡಿಬಿಡುತ್ತಿದ್ದ.

"ಮಾಮ, ಅವ್ರು ನೋಡಿ ಒಪ್ಪಿದ್ಮೇಲೇ ನಮ್ಗೆ ಬರೋದು. ಮುಟ್ಟೋ ಮುಂಚೆ ಒಂದು ಮಾತು ಕೇಳು."

"ಡೊಂಕಾಗಿರೋದನ್ನ ನೆಟ್ಟಗೆ ಮಾಡೋಕೂ ಅಪ್ಪಣೆ ಬೇಕೇನಮ್ಮ? ಇಷ್ಟು ದಿನ ಯಾರಾದ್ರೂ ಬೈದ್ರಾ?"

ಯಾರೂ ಬೈದಿರಲಿಲ್ಲ, ನಿಜ. ಅದೇ ಅವನನ್ನು ಕೆಡಿಸಿದ್ದು.

ಒಂದು ದಿನ ಹಳದಿ ಅಂಗಿಯ ಆರ್ಡರು ಬಂತು. ಎಲ್ಲಕ್ಕಿಂತ ದೊಡ್ಡ ಅಳತೆ. ಆ ಅಳತೆಯಲ್ಲಿ ಯಾವ ಬಣ್ಣದ್ದೂ ಬೇರೆ ಉಳಿದಿರಲಿಲ್ಲ, ಆರ್ಡರು ಬಿದ್ದ ಕೂಡಲೇ ವೆಬ್‌ಸೈಟಿನಿಂದ ಆ ಅಳತೆಯೇ ಮಾಯವಾಯಿತು. ಚಿತ್ರವೆಂದರೆ ಗೆರೆ ಹಾಕಿದ ಹಾಳೆಯ ಮೇಲೆ ಕೈಯಲ್ಲಿ ಬರೆದ ಮೂರು ಸಾಲು, ಫೋನಿನಲ್ಲಿ ತೆಗೆದ ಫೋಟೋ:

ನಿಧಾನ ಕಣ್ರೀ.
ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.
ನಾನು ಕಾಯ್ತಾ ಇದೀನಿ.

ಬರಹವೇನೋ ಮುದ್ದಾಗಿತ್ತು. ಆದರೆ ಕೂರಿಸಿದ್ದು ಎಲ್ಲಿ? ಹೊಟ್ಟೆಯ ಮೇಲೆ. ಅದೂ ತಲೆಕೆಳಗಾಗಿ! ನೆಟ್ಟಗಣ್ಣ ಕನ್ನಡಕ ಏರಿಸಿ ನಕ್ಕ. "ಯಾರೋ ಪಾಪ, ಫೋನನ್ನೇ ಉಲ್ಟಾ ಹಿಡ್ಕೊಂಡಿದ್ರು ಅಂತ ಕಾಣ್ಸುತ್ತೆ," ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಹಾಳೆಯ ಗೆರೆಗಳನ್ನು ಅಳಿಸಿ, ಮಸುಕಾದ ಅಕ್ಷರಕ್ಕೆ ಕಪ್ಪು ತುಂಬಿ, ಮೂರೂ ಸಾಲುಗಳನ್ನು ತಿರುಗಿಸಿ, ಎದೆಯ ಮೇಲಕ್ಕೆ ಎತ್ತಿ ಕೂರಿಸಿದ. ತೆಳು ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಅಚ್ಚಾಯಿತು, ಅಂಟಿನ ಪುಡಿ ಉದುರಿಸಿ ಕಾಯಿಸಿದ್ದಾಯಿತು, ಅಂಗಿಗೆ ಒತ್ತಿ ಫಿಲ್ಮು ಸುಲಿದದ್ದಾಯಿತು. ಅಂಗಿಯನ್ನು ಎತ್ತಿ ಹಿಡಿದು ನೋಡಿ ತನ್ನನ್ನು ತಾನೇ ಮೆಚ್ಚಿಕೊಂಡ.

ಸಂಜೆ ಅಂಗಿ ಒಯ್ಯಲು ಒಬ್ಬ ಹೆಂಗಸು ಬಂದರು. ನಿವೃತ್ತಿಯಾದ ನರ್ಸು, ಮಂಡಿನೋವೆಂದು ಕೋಲು ಊರಿಕೊಂಡು ನಡೆಯುವವರು. ಪೊಟ್ಟಣ ಬಿಚ್ಚಿದರು. ಅಂಗಿ ಬಿಡಿಸಿದರು. ಮುಖ ಸಪ್ಪೆಯಾಯಿತು.

"ಇದು ನಂದಲ್ಲ."

"ನಿಮ್ದೇ ಅಮ್ಮ. ತಲೆಕೆಳಗಾಗಿತ್ತು, ನಾನೇ ಸರಿಮಾಡಿದೆ," ಎಂದ ನೆಟ್ಟಗಣ್ಣ, ಹೊಗಳಿಕೆಗೆ ಕಾಯುತ್ತ.

"ಸರಿಮಾಡಿದ್ರಾ?" ನರ್ಸಮ್ಮ ಕೋಲನ್ನು ಕೌಂಟರಿಗೆ ಒರಗಿಸಿದರು. "ನಾನು ಹಾಗೆ ಕೂರ್ಸೋಕೆ ಎಷ್ಟು ಒದ್ದಾಡಿದೀನಿ ಗೊತ್ತೇನ್ರೀ? ಮೊದ್ಲು ಹಾಕಿದ ಫೋಟೋ ಸಾಲ್ದು ಅಂತ ನಿಮ್ಮ ಸೈಟು ಕೆಂಪಗೆ ಬರೆದು ಬೈತು. ಬೆಳಕಲ್ಲಿ ಇಟ್ಟು ಇನ್ನೊಂದು ತೆಗ್ದೆ. ಆಮೇಲೆ ತಿರುಗ್ಸಿ, ಕೆಳಗೆ ಎಳ್ದು... ಅದು ನೋಡೋರಿಗಲ್ಲ ಸ್ವಾಮಿ, ಹಾಕ್ಕೊಳ್ಳೋರಿಗೆ! ತಲೆ ಬಗ್ಗಿಸಿದ್ರೆ ಅವ್ರ ಕಣ್ಣಿಗೆ ನೆಟ್ಟಗೆ ಕಾಣ್ಬೇಕು!"



ಒಳಗಿನಿಂದ ಸೋದರಸೊಸೆ ಓಡಿ ಬಂದಳು, ನರ್ಸಮ್ಮನನ್ನು ಕುರ್ಚಿಯಲ್ಲಿ ಕೂರಿಸಿದಳು. ಆಗ ಕಥೆ ಹೊರಬಿತ್ತು. ನರ್ಸಮ್ಮನ ಯಜಮಾನರು ಪೋಸ್ಟ್‌ಮ್ಯಾನ್ ಆಗಿದ್ದವರು. ಜೀವಮಾನವಿಡೀ ದಾಪುಗಾಲು. ಹೋದ ವರ್ಷ ಎದೆನೋವು ಬಂದು, ರಕ್ತನಾಳಕ್ಕೆ ಸ್ಟೆಂಟು ಹಾಕಿದ್ದಾರೆ. ನಾಳೆ ಬೆಳಿಗ್ಗೆ ಕೆರೆಯ ಸುತ್ತ ಎಲ್ಲರೂ ಸೇರಿ ಓಡುವ ಕಾರ್ಯಕ್ರಮ. ಇವರಿಗೂ ಹೋಗುವ ಆಸೆ. ಡಾಕ್ಟರು ಒಪ್ಪಿದ್ದಾರೆ, ಆದರೆ ನಡೆದುಕೊಂಡೇ ಹೋಗಬೇಕು, ಏದುಸಿರು ಬರಬಾರದು.

"ಹೊರಡ್ತಾ ಹೂಂ ಅಂತಾರೆ. ಪಕ್ಕದಲ್ಲಿ ಯಾರಾದ್ರೂ ದಾಟಿ ಹೋದ್ರೆ ಸಾಕು, ಓಡೋಕೆ ಶುರು ಹಚ್ಕೊಂಡ್ರು! ಜೊತೆಗೆ ಹೋಗೋಣ ಅಂದ್ರೆ ನನ್ನ ಮಂಡಿ ಹಾಳಾಗಿದೆ. ಅದಕ್ಕೇ ನನ್ನ ಅಕ್ಷರದಲ್ಲೇ ಬರ್ದೆ. ಪಕ್ಕದಲ್ಲಿ ನಾನೇ ಗೊಣಗ್ತಾ ಇದ್ದ ಹಾಗಿರುತ್ತೆ ಅಂತ." ನರ್ಸಮ್ಮನ ದನಿ ಇಳಿಯಿತು. "ನಂಗೆ ಭಯ ಕಣಮ್ಮ. ಆಸ್ಪತ್ರೆಯಲ್ಲಿ ಎಷ್ಟು ಜನರನ್ನ ನೋಡಿದೀನಿ."

ನೆಟ್ಟಗಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇರೆ ಅಂಗಿ ಇಲ್ಲ. ಒತ್ತಿದ ಅಚ್ಚನ್ನು ಕೀಳಲು ಹೋದರೆ ಬಟ್ಟೆಯ ಮೇಲೆ ಕಲೆ ಉಳಿಯುತ್ತದೆ. "ಮೇಲೆ ಹಳದಿ ಚೌಕ ಒತ್ತಿ ಮುಚ್ಚಿಬಿಡೋಣ್ವಾ?" ಎಂದ. "ಎದೆ ಮೇಲೆ ಪ್ಲಾಸ್ಟಿಕ್ ತಟ್ಟೆ ಕಟ್ಟಿದ ಹಾಗಾಗುತ್ತೆ ಮಾಮ, ಗಾಳಿ ಆಡಲ್ಲ, ಬೆವರ್ತಾರೆ," ಎಂದಳು ಸೊಸೆ. ಆಮೇಲೆ ಕಂಪ್ಯೂಟರಿನಲ್ಲಿ ಆರ್ಡರು ತೆಗೆದಳು. ನರ್ಸಮ್ಮ ಒಪ್ಪಿದ ಚಿತ್ರ ಹಾಗೇ ಇತ್ತು: ಎಷ್ಟು ಕೆಳಗೆ, ಎಷ್ಟು ಅಗಲ, ಎಷ್ಟು ತಿರುವು, ಎಲ್ಲವೂ. "ಹೊಟ್ಟೆಯ ಜಾಗ ಖಾಲಿ ಇದೆ ಅಮ್ಮ. ನೀವು ಇಟ್ಟ ಕಡೆಯೇ, ಇಟ್ಟ ಹಾಗೇ ಇನ್ನೊಂದು ಸಲ ಒತ್ತಿ ಕೊಡ್ತೀವಿ. ಆದ್ರೆ ಎದೆ ಮೇಲಿಂದು ಹೋಗಲ್ಲ."

"ಅಯ್ಯೋ! ನಾನು ಗಂಡನಿಗೆ ಹೇಳೋ ಮಾತನ್ನ ಊರೆಲ್ಲ ಓದ್ಬೇಕಾ?" ನರ್ಸಮ್ಮನ ಕಿವಿ ಕೆಂಪಾಯಿತು. ಎದೆಯ ಮೇಲಿನ ಸಾಲುಗಳನ್ನು ಸ್ವಲ್ಪ ಹೊತ್ತು ನೋಡಿದರು. ನಾಚಿಕೆ ಒಂದು ಕಡೆ, ನಾಳೆಯ ಭಯ ಇನ್ನೊಂದು ಕಡೆ. ಕೊನೆಗೆ ಕೋಲಿನಿಂದ ನೆಲ ಕುಟ್ಟಿದರು. "ಓದ್ಲಿ ಬಿಡಿ. ಓದಿದ್ರೆ ಜೀವ ಹೋಗಲ್ಲ. ಒತ್ತಿ."

ನೆಟ್ಟಗಣ್ಣ ಒತ್ತಿದ. ಬೋರ್ಡು ಬರೆದ ಕಾಲದಿಂದ ಇವತ್ತಿನವರೆಗೆ ಬೇಕೆಂದೇ ತಲೆಕೆಳಗು ಕೂರಿಸಿದ ಮೊದಲ ಬರಹ ಅದು. ಅಳತೆಪಟ್ಟಿ ಇಟ್ಟು ಇಟ್ಟು ನೋಡಿದ. ಅದು ಸಾಲದೆಂದು ಅಂಗಿಯನ್ನು ತನ್ನ ಮೇಲೆ ಹಿಡಿದುಕೊಂಡು, ತಲೆ ಬಗ್ಗಿಸಿ ಮೂರೂ ಸಾಲು ಓದಿಕೊಂಡ. ಓದಲು ಸರಿಯಾಗಿ ಬಂತು. ಕ್ಷಮಿಸಿ ಎನ್ನಲು ಮೂರು ಸಲ ಬಾಯಿ ತೆರೆದ, ಮೂರನೆಯ ಸಲ ಮಾತು ಹೊರಟಿತು. "ಆಯ್ತು ಬಿಡಿ," ಎಂದರು ನರ್ಸಮ್ಮ, ಇನ್ನೂ ಸಿಟ್ಟಿನಲ್ಲೇ.

ಮರುದಿನ ಬೆಳಿಗ್ಗೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕೆರೆಯ ಬಳಿಗೆ ಹೋದ. ಓಟ ಮುಗಿಯುವ ಗೆರೆಯ ಹತ್ತಿರ ನರ್ಸಮ್ಮ ಕೋಲು ಊರಿ ನಿಂತಿದ್ದರು. ಅವನನ್ನು ಕಂಡು ತಲೆಯಾಡಿಸಿದರು. ಹುಡುಗರು ಬಂದರು, ಹುಡುಗಿಯರು ಬಂದರು, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಒಬ್ಬ ತಂದೆಯೂ ಬಂದ. ಹಳದಿ ಅಂಗಿ ಇಲ್ಲ. ನರ್ಸಮ್ಮ ಕೋಲು ಬಿಟ್ಟು ನೆಟ್ಟಗಣ್ಣನ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡರು. "ಬರ್ತಾರೆ ಅಮ್ಮ," ಎಂದ ಅವನು. ತಾನೂ ತುದಿಗಾಲಲ್ಲಿ ನಿಂತು ದಾರಿಯ ತಿರುವಿನ ಕಡೆ ನೋಡಿದ.

ಮೊದಲು ಕೇಳಿಸಿದ್ದು ಗಲಾಟೆ. ತಿರುವಿನಲ್ಲಿ ನಿಂತ ಜನ ಒಟ್ಟಾಗಿ ಕೂಗುತ್ತಿದ್ದರು: "ನಿಧಾನ ಕಣ್ರೀ! ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ!" ನಗು, ಚಪ್ಪಾಳೆ. ಅದರ ಹಿಂದೆಯೇ ಹಳದಿ ಅಂಗಿ, ಗುಂಡು ಹೊಟ್ಟೆ, ಮದುವೆ ಮೆರವಣಿಗೆಯ ನಿಧಾನ. ನೀರಿನ ಬಾಟಲಿ ಕೊಡುವವರೂ ಓದಿ ಕೂಗಿದರು, ಮುದುಕಿಯೊಬ್ಬಳು ಬೆರಳು ಅಲ್ಲಾಡಿಸಿ ಬೈದಳು. ಯಾರೋ ಯುವಕ ಸರ್ರನೆ ದಾಟಿ ಹೋದ. ಯಜಮಾನರ ಕಾಲು ಚುರುಕಾಯಿತು. ತಕ್ಷಣ ತಲೆ ಬಗ್ಗಿತು, ಕಣ್ಣು ಹೊಟ್ಟೆಯ ಮೇಲೆ ಹೋಯಿತು, ಕಾಲು ಮತ್ತೆ ನಿಧಾನವಾಯಿತು.

ಎಲ್ಲರಿಗಿಂತ ಕೊನೆಯವರಾಗಿ ಗೆರೆ ದಾಟಿದರು. ನರ್ಸಮ್ಮ ಮೊದಲು ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಆಮೇಲೆ ಆ ಕೈಯನ್ನು ಬಿಡಲೇ ಇಲ್ಲ.

"ಊರವ್ರ ಮುಂದೆಲ್ಲ ಮಾನ ಹೋಯ್ತಾ ರೀ?" ಎಂದು ಕೇಳಿದರು.

"ಮೊದಲೆರಡು ಸಾಲು ದಾರಿಯುದ್ದಕ್ಕೂ ಎಲ್ರೂ ಕೂಗಿ ಹೇಳಿದ್ರು ಕಣೇ," ಎಂದರು ಯಜಮಾನರು. "ಮೂರನೇದನ್ನ ಮಾತ್ರ ಒಬ್ರೂ ಕೂಗ್ಲಿಲ್ಲ. ಅದನ್ನ ನಾನೇ ಬಗ್ಗಿ ಬಗ್ಗಿ ಓದ್ಕೊಂಡು ಬಂದೆ."