ಚಾಟ್ನಿ ಮುಗಿಯುವವರೆಗೆ ಬಿಟ್ಟ ಗುಳಿಗೆ

ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕುವುದಕ್ಕೆ ನಮ್ಮ ಬಿಜ್ಜರಗಿಯಲ್ಲಿ ಚಾಟ್ನಿ ಎನ್ನುತ್ತಾರೆ. ಆ ಕೆಲಸದಲ್ಲಿ ನನ್ನ ಅಣ್ಣ ಖಂಡಪ್ಪನನ್ನು ಮೀರಿಸುವವರಿರಲಿಲ್ಲ. ಯಾವ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕೆಂದು ನಿಂತಲ್ಲಿಂದಲೇ ಹೇಳುತ್ತಿದ್ದ. ನಾನು ಕತ್ತರಿಸಿದ್ದನ್ನು ನೋಡಿ, "ಬೀರಣ್ಣ, ಕುರಿ ಮೇದಂಗ ಮಾಡಿಯಲ್ಲೋ" ಎಂದು ನಗುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಅವನು ಹೇಳಿದ್ದು ಸರಿಯಾಗಿಯೇ ಇರುತ್ತಿದ್ದುದರಿಂದ ಇನ್ನೂ ಹೆಚ್ಚು ಬರುತ್ತಿತ್ತು.

2016ರ ಬೇಸಿಗೆಯಲ್ಲಿ ಅವನಿಗೆ ಎದೆನೋವು ಬಂತು. ವಿಜಯಪುರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮನೆಯಲ್ಲಿ ಓದಿದವನು ನಾನೊಬ್ಬನೇ ಎಂದು ಡಾಕ್ಟರು ನನ್ನನ್ನು ಕರೆದು ಹೇಳಿದರು: "ಹೃದಯಕ್ಕ ರಕ್ತ ಒಯ್ಯೋ ನಾಳ ಸಣ್ಣಾಗಿತ್ರಿ. ಬಲೂನಿನಿಂದ ಅಗಲ ಮಾಡಿ, ಮತ್ತ ಮುಚ್ಚಬಾರದಂತ ಒಳಗ ತಂತಿ ಜಾಳಿಗಿ ನಿಲ್ಲಿಸೇವಿ. ಆದ್ರ ನಾಳ ಕೆಡಿಸಿದ ರೋಗ ಹೋಗಿಲ್ಲ. ಜಾಳಿಗಿ ಮ್ಯಾಲ ರಕ್ತ ಹೆಪ್ಪುಗಟ್ಟಬಾರದಂತ ಈ ಎರಡು ಗುಳಿಗಿ. ನಮ್ಮನ್ನ ಕೇಳದ ಒಂದಿನಾನೂ ಬಿಡಬ್ಯಾಡ್ರಿ."

ನಾನು ತಲೆಯಾಡಿಸಿದೆ. ಊರಿಗೆ ಬಂದವನು ಸ್ಪ್ರಿಂಗ್ ಹಾಕಿದ್ದಾರೆ, ಇನ್ನು ಚಿಂತೆಯಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಅಕ್ಟೋಬರಿನಲ್ಲಿ ಚಾಟ್ನಿ ಶುರುವಾಯಿತು. ಮೂರನೆಯ ದಿನ ಅಣ್ಣನ ಹೆಬ್ಬೆರಳಿಗೆ ಕತ್ತರಿ ತಾಗಿತು. ಬಟ್ಟೆ ಸುತ್ತಿದರೂ ರಕ್ತ ಬೇಗ ನಿಲ್ಲಲಿಲ್ಲ. ಕೆಲಸ ನಿಂತಿತ್ತು, ಹೊಲದಲ್ಲಿ ಇನ್ನೂ ಎರಡು ಎಕರೆ ಬಾಕಿಯಿತ್ತು.

"ಆ ಗುಳಿಗಿ ರಕ್ತ ತೆಳ್ಳಗ ಮಾಡತಾವ ಯಣ್ಣಾ. ಚಾಟ್ನಿ ಮುಗಿಯೂತನ ಬಿಡು. ಹೆಂಗೂ ಸ್ಪ್ರಿಂಗ್ ಐತಲ್ಲ" ಎಂದೆ.

"ನೀ ಓದಿದಾವ. ಹೇಳಿದ್ರ ಆತು" ಎಂದ.

ಚಾಟ್ನಿಯ ಎಂಟನೆಯ ದಿನ ಬೆಳಿಗ್ಗೆ ಬಳ್ಳಿಯ ಸಾಲಿನಲ್ಲೇ ಎದೆ ಹಿಡಿದು ಕುಳಿತ. ತಿಕೋಟಾ ದಾಟಿ ಆಸ್ಪತ್ರೆ ಮುಟ್ಟುವುದರಲ್ಲಿ ಮೈಯೆಲ್ಲ ಬೆವೆತಿತ್ತು. ಜಾಳಿಗೆಯೊಳಗೇ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರು ಅದನ್ನು ಮತ್ತೆ ತೆರೆದರು. "ನಾಳ ತೆರದೇವ್ರಿ. ಆದ್ರ ರಕ್ತ ಸಿಗದ ಸತ್ತ ಹೃದಯದ ಮಾಂಸ ಮತ್ತ ಜೀವ ಹಿಡಿಯೂದಿಲ್ಲ" ಎಂದರು. ಆಮೇಲೆ ಕೇಳಿದರು, "ಗುಳಿಗಿ ಯಾರು ಬಿಡಿಸಿದ್ರು?"

ಹಾಸಿಗೆಯಲ್ಲಿದ್ದ ಅಣ್ಣ, "ನಾನ ಮರತೆರಿ" ಎಂದ.

ಅತ್ತಿಗೆ ಹೊಳೆವ್ವ ಅವನನ್ನೇ ಬೈದಳು. "ತಮ್ಮ ಇಷ್ಟು ಬಡಕೊಂಡಿರ್ತಾನ, ನಿಮಗ ಕೇಳಸೂದಿಲ್ಲೇನ್ರಿ?" ನಾನು ಗುಳಿಗೆಯ ಚೀಟಿ ಹಿಡಿದು ಅಂಗಡಿಗೆ ಹೊರಟೆ. ನಾಚಿಕೆಗೆಟ್ಟವನು ನಾನು.

ಈಗ ಅಣ್ಣನಿಗೆ ಒಂದು ಸಾಲು ನಡೆದರೆ ಉಸಿರು ಹತ್ತುತ್ತದೆ. ಬದುವಿನ ಮೇಲೆ ಕುಳಿತಿರುತ್ತಾನೆ. ನಾನು ಕತ್ತರಿಸುತ್ತೇನೆ, ತಪ್ಪಾಗಿಯೇ. ಅವನು ನಗುವುದಿಲ್ಲ, ಬೈಯುವುದೂ ಇಲ್ಲ. ಗುಳಿಗೆ ಬಿಡಿಸಿದ ಮಾತನ್ನು ನಾವಿಬ್ಬರೂ ಎತ್ತಿಲ್ಲ.

ನಿನ್ನೆ ಅತ್ತಿಗೆ ಮಜ್ಜಿಗೆ ತಂದು ಮೊದಲು ನನ್ನ ಕೈಗೆ ಕೊಟ್ಟಳು. "ನೀ ಇದ್ದೀ ಅಂತ ಇವರು ಉಳದಾರಪ್ಪಾ" ಎಂದಳು. ಅಣ್ಣ ಬಳ್ಳಿಗಳ ಕಡೆ ಮುಖ ತಿರುಗಿಸಿದ. ನಾನು ಮಜ್ಜಿಗೆ ಕುಡಿದು ಲೋಟ ಅವಳ ಕೈಗೆ ಕೊಟ್ಟೆ.