ಬಾಗಿಲಣ್ಣನ ಸರ್ವರ್

ನಮ್ಮ ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವವನನ್ನು ಎಲ್ಲರೂ ಬಾಗಿಲಣ್ಣ ಎನ್ನುತ್ತೇವೆ. ಹೆಸರು ಇಟ್ಟವಳು ನಾನೇ. ಗ್ರಂಥಾಲಯದ ನನ್ನ ಮೇಜಿಗೂ ಅವನ ಕೋಣೆಗೂ ನಡುವೆ ಇರುವುದು ಒಂದು ಗಾಜಿನ ಗೋಡೆ. ಅವನ ಉಪನ್ಯಾಸಗಳು ಬೇಡವೆಂದರೂ ಕಿವಿಗೆ ಬೀಳುತ್ತವೆ.

ಅವನ ಪಾಲಿನ ಪರಮಾರ್ಥದ ಹೆಸರು ಗ್ರೇಲಿಸ್ಟಿಂಗ್. ಹೊಸ ಕಡೆಯಿಂದ ಮೇಲ್ ಬಂದರೆ ಸರ್ವರ್ ಮೂರು ಸಂಗತಿ ನೋಡುತ್ತದೆ: ಕಳಿಸುತ್ತಿರುವ ಯಂತ್ರ ಯಾವುದು, ಕಳಿಸಿದವರು ಯಾರು, ಯಾರಿಗೆ. ಈ ಮೂರೂ ಕೂಡಿದ್ದನ್ನು ಹಿಂದೆ ಕಂಡಿರದಿದ್ದರೆ, "ಈಗ ಆಗೋಲ್ಲ, ಆಮೇಲೆ ಬಾ" ಎಂದು ಹಿಂದಕ್ಕಟ್ಟುತ್ತದೆ. ನಿಜವಾದ ಮೇಲ್ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರುತ್ತದೆ. ಆಗ ನಮ್ಮ ಸರ್ವರ್ ಒಳಗೆ ಬಿಡುತ್ತದೆ, ಗುರುತೂ ಇಟ್ಟುಕೊಳ್ಳುತ್ತದೆ. ಕಸದ ಮೇಲ್ ಸುರಿಯುವ ಯಂತ್ರಗಳಿಗೆ ಅಷ್ಟು ತಾಳ್ಮೆ ಇಲ್ಲ, ಹೆಚ್ಚಿನವು ತಿರುಗಿಯೂ ನೋಡುವುದಿಲ್ಲ. ಉಪಾಯ ಒಳ್ಳೆಯದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಕಂಡುಹಿಡಿದವನೇ ತಾನು ಎಂಬಂತೆ ಮೀಸೆ ತಿರುವುವುದು ಮಾತ್ರ ನನಗೆ ಆಗದು. ಮೇಲ್ ತಡವಾಯಿತೆಂದು ಯಾರಾದರೂ ದೂರಿದರೆ ಅವನದು ಒಂದೇ ಉತ್ತರ: "ಯೋಗ್ಯರು ಕಾಯ್ತಾರೆ ಸ್ವಾಮಿ."

ಅವನ ಹೆಂಡತಿ ನರ್ಸ್. ಮದುವೆಯಾದಾಗಿನಿಂದ ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಸಂಸಾರವೆಲ್ಲ ವಾರದ ಕೊನೆಗೆ ಮಾತ್ರ. ಈ ಸಲ ನಮ್ಮೂರಿನ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗಿ ವರ್ಗಾವಣೆಗೆ ಅವಕಾಶ ಬಂತು. ಸರದಿಯಲ್ಲಿ ಅವಳೇ ಮೊದಲು. ಸಂಜೆ ಐದರೊಳಗೆ ವರ್ಗಾವಣೆಯ ಜಾಲತಾಣಕ್ಕೆ ಹೋಗಿ ಊರು ಆರಿಸಬೇಕು. ಆರಿಸದಿದ್ದರೆ ಜಾಗ ಸರದಿಯಲ್ಲಿ ಅವಳ ನಂತರದವಳಿಗೆ. ಒಳಗೆ ಹೋಗಲು ಬೇಕಾದ ಕೋಡ್ ಮೇಲ್‌ಗೆ ಬರುತ್ತದೆ, ಹತ್ತು ನಿಮಿಷಕ್ಕೆ ಸತ್ತುಹೋಗುತ್ತದೆ. ಎಲ್ಲರಂತೆ ಪುಕ್ಕಟೆ ಮೇಲ್ ವಿಳಾಸ ಕೊಡುತ್ತೇನೆಂದು ಅವಳು ಹೇಳಿದ್ದಳಂತೆ. "ನನ್ನ ಹೆಂಡತಿ ಆಗಿ ಪುಕ್ಕಟೆ ಡಬ್ಬಿನಾ?" ಎಂದು ಇವನು ತನ್ನ ಸರ್ವರಿನ ವಿಳಾಸವನ್ನೇ ಅರ್ಜಿಯಲ್ಲಿ ಬರೆಸಿದ್ದ.

ಆ ದಿನ ಅವಳು ಬಂದದ್ದು ನಾಲ್ಕೂವರೆ ದಾಟಿದ ಮೇಲೆ. ಬಸ್ಸು ಕೆಟ್ಟಿತ್ತು. ಬಂದವಳೇ ಅವನ ಕುರ್ಚಿಯಲ್ಲಿ ಕುಳಿತು ಕೋಡ್ ಕೇಳಿದಳು.

"ರೀ, ಬರ್ಲಿಲ್ಲ."

"ಬರುತ್ತೆ ತಡಿಯೇ. ಮೊದಲ್ನೇ ಸಲ ಅಲ್ವಾ, ಐದು ನಿಮಿಷ ಹೊರಗೆ ನಿಲ್ಲಿಸುತ್ತೆ."

"ನಂಗೂ ಅದೇ ನಿಯಮಾನಾ?"

"ನಿಯಮ ಅಂದ್ರೆ ನಿಯಮ."

ಅವಳು ಇನ್ನೊಮ್ಮೆ ಒತ್ತಿದಳು. ಐದು ನಿಮಿಷ ಆಗಿರಲಿಲ್ಲ, ಸರ್ವರ್ ಅದನ್ನೂ ಹಿಂದಕ್ಕಟ್ಟಿತು. ಕಳಿಸುವವರು ಮತ್ತೆ ಯಾವಾಗ ಬರುತ್ತಾರೆ ಎನ್ನುವುದು ಅವರಿಷ್ಟ, ಕಾಲು ಗಂಟೆಯೂ ಆಗಬಹುದು. ಆದರೂ ಆ ಐದು ನಿಮಿಷ ಕಳೆದ ಮೇಲೆ ಹೊಸ ಕೋಡ್ ಕೇಳಿದ್ದರೆ ತಡೆಯಿಲ್ಲದೆ ಒಳಗೆ ಬರುತ್ತಿತ್ತು. ಇದು ಬಾಗಿಲಣ್ಣನಿಗೆ ಗೊತ್ತು. ಅವನ ಬಾಯಿಂದಲೇ ಕೇಳಿ ನನಗೂ ಬಾಯಿಪಾಠ.

ಆದರೆ ಹೆಂಡತಿ ಕಣ್ಣೊರೆಸಿಕೊಂಡಳು. ಬಾಗಿಲಣ್ಣನ ಕೈ ಸುಮ್ಮನಿರಲಿಲ್ಲ. ಏನು ಕೆಟ್ಟರೂ ಎಲ್ಲ ಅಳಿಸಿ ಮತ್ತೆ ಶುರು ಮಾಡುವುದು ಅವನ ಹಳೆಯ ಚಾಳಿ. "ಹಳೇ ನೆನಪೆಲ್ಲ ಒರೆಸಿಬಿಡ್ತೀನಿ, ಚಕ್ಕಂತ ಬರುತ್ತೆ ನೋಡು" ಎಂದು ಗುರುತಿನವರ ಪಟ್ಟಿಯನ್ನೆಲ್ಲ ಅಳಿಸಿ ಸರ್ವರನ್ನು ಹೊಸದಾಗಿ ಎಬ್ಬಿಸಿದ. ಹೊರಗೆ ಕಾದು ಅರ್ಹತೆ ಗಳಿಸುತ್ತಿದ್ದ ಜಾಲತಾಣವೂ ಅದರೊಂದಿಗೆ ಅಳಿಸಿಹೋಯಿತು. ಮೂರನೆಯ ಕೋಡ್ ಬಂದಾಗ ಸರ್ವರ್ ಅದನ್ನು ಹುಟ್ಟಿದಾರಭ್ಯ ಕಂಡೇ ಇಲ್ಲವೆಂಬಂತೆ ಹಿಂದಕ್ಕಟ್ಟಿತು. ಕೊಟ್ಟ ಕುದುರೆ ಏರಲರಿಯದವನು ಅಂತ ಕೇಳಿದ್ದೆ. ಇವನು ಕಟ್ಟಿದ ಕುದುರೆಯನ್ನೇ ಬಿಚ್ಚಿ ಓಡಿಸಿದ.

"ಅಯ್ಯೋ, ಜಾಲತಾಣದ ಹೆಸರು ಬರೆದು, ಇದನ್ನ ಕಾಯಿಸ್ದೆ ಒಳಗೆ ಬಿಡು ಅಂತ ಸರ್ವರಿಗೆ ಒಂದು ಸಾಲು ಹಾಕ್ರೀ!" ಎಂದೆ, ಗಾಜಿನ ಈಚೆಯಿಂದ. ಅವನು ಬರೆಯತೊಡಗಿದ. ಅಷ್ಟರಲ್ಲಿ ಫೋನು ಬಂತು. ಪ್ರಿನ್ಸಿಪಾಲರು. ಗುರುತೆಲ್ಲ ಅಳಿದದ್ದರಿಂದ ಅವರಿಗೆ ದಿನವೂ ಬರುವ ಮೇಲ್‌ಗಳೂ ಹೊರಗೇ ನಿಂತಿದ್ದವು.

"ಅದು ಹಾಗಲ್ಲ ಸಾರ್," ಎಂದು ಬಾಗಿಲಣ್ಣ ಎದ್ದು ನಿಂತ. ಅವನಿಗೆ ಶ್ರೋತೃ ಸಿಕ್ಕಿದರೆ ಲೋಕ ಮರೆಯುತ್ತದೆ. ಯಂತ್ರ, ಕಳಿಸಿದವರು, ಯಾರಿಗೆ, ಕಸ, ತಾಳ್ಮೆ, ಎಲ್ಲವನ್ನೂ ಬಿಡಿಸಿ ಹೇಳಿದ. ಹೆಂಡತಿ ಅವನ ತೋಳು ಹಿಡಿದು ಜಗ್ಗಿದಳು. ಅವನು ಬೆರಳೆತ್ತಿ ತಡಿ ಎಂದ. ನನಗೆ ಆ ಬೆರಳನ್ನು ಮುರಿಯುವಷ್ಟು ಸಿಟ್ಟು ಬಂತು. "ಯೋಗ್ಯರು ಕಾಯ್ತಾರೆ ಸಾರ್" ಎಂದು ಮುಗಿಸಿ ಫೋನಿಟ್ಟಾಗ ಐದು ದಾಟಿತ್ತು.

ಆಮೇಲೆ ಕೋಡ್‌ಗಳು ಒಂದರ ಹಿಂದೊಂದು ಬಂದವು, ಮೂರೂ. ಬಾಗಿಲಣ್ಣ ಹೇಳಿದಂತೆಯೇ ಸರ್ವರ್ ನಡೆದುಕೊಂಡಿತ್ತು.

"ನೋಡಿದ್ಯಾ," ಎಂದ ಅವನು ಅಭ್ಯಾಸಬಲದಿಂದ, "ಒಂದೂ ಕಳೆದುಹೋಗಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಚೀಲ ಹೆಗಲಿಗೇರಿಸಿಕೊಂಡಳು.

"ಹೌದು, ಮೇಲ್ ಕಳೆದುಹೋಗಿಲ್ಲ," ಎಂದಳು. "ನಾನು ಇವತ್ತೇ ಹೊರಡ್ತೀನಿ. ಮುಂದಿನ ವಾರ ಬರಲ್ಲ, ಕಾಯಬೇಡಿ."